ಡಿಎಸ್‌ಒ ಇಳಿದಿತ್ತು, ದುಡ್ಡು ಮಾತ್ರ ಚಾಕಣದಲ್ಲೇ ನಿಂತಿತ್ತು

ಹೋದ ತಿಂಗಳು ಪುಣೆಯ ಭೋಸರಿಯಲ್ಲಿ ನಮ್ಮ ಕಡೆಯ ವರ್ಕ್‌ಶಾಪ್ ಮಾಲೀಕರು, ಅವರ ಅಕೌಂಟ್ಸ್ ನೋಡೋ ಹುಡುಗ್ರು ಹುಡುಗೀರು ಎಲ್ಲಾ ಸೇರಿ ಒಂದು ಮೂವತ್ತು ಜನ ಕೂತಿದ್ವಿ, ಅಲ್ಲಿ ಡಿಎಸ್‌ಒ ಬಗ್ಗೆ ನಾನು ಮಾತಾಡಿದೆ. ಬೋರ್ಡ್ ಮೇಲೆ ಬರೆದ ಲೆಕ್ಕ ಕೆಲವರಿಗೆ ಬರ್ಕೊಳ್ಳೋಕೆ ಆಗ್ಲಿಲ್ಲ, ಬರೆದು ಕಳಿಸ್ರಿ ಅಕ್ಕಾರ ಅಂದ್ರು, ಅದಕ್ಕೇ ಮಾತಾಡಿದ ಹಾಗೇ ಬರೀತಿದೀನಿ.

ಡಿಎಸ್‌ಒ ಅಂದ್ರೆ ಡೇಸ್ ಸೇಲ್ಸ್ ಔಟ್‌ಸ್ಟ್ಯಾಂಡಿಂಗ್. ನಾವು ಉದ್ರಿ ಮಾರಿದ ಮಾಲಿನ ದುಡ್ಡು ಕೈಗೆ ಬರೋಕೆ ಸರಾಸರಿ ಎಷ್ಟು ದಿನ ಹಿಡೀತಿದೆ ಅನ್ನೋ ಅಂಕಿ. ಬ್ಯಾಂಕಿನವರು ಕೇಳ್ತಾರೆ, ಸಿಎ ಕೇಳ್ತಾರೆ, ಎಲ್ಲರೂ ಹೇಳಿಕೊಡೋ ಸೂತ್ರ ಒಂದೇ:

```
DSO = (ಅವಧಿ ಕೊನೆಯ ಬಾಕಿ / ಅವಧಿಯ ಉದ್ರಿ ಮಾರಾಟ) × ಅವಧಿಯ ದಿನಗಳು
```

ಸೂತ್ರ ತಪ್ಪೇನಲ್ಲ. ಆದ್ರೆ ನಾನು ಪುಣೆಗೆ ಬಂದ ಮೇಲೆ ಇಷ್ಟು ವರ್ಷದಲ್ಲಿ ಹೆಚ್ಚು ಜನ ಮೋಸ ಹೋಗಿದ್ದು ನೋಡಿದ್ದು ಇದೇ ಸೂತ್ರ ನಂಬಿ. ಅದು ಏರಿದಾಗ ಏನೂ ಆಗಿರಲ್ಲ, ಇಳಿದಾಗ ಒಳಗೆ ಗಾಯ ಆಗಿರತ್ತೆ. ಅದನ್ನ ಒಂದು ವರ್ಕ್‌ಶಾಪಿನ ಲೆಕ್ಕ ಇಟ್ಕೊಂಡೇ ಹೇಳ್ತೀನಿ. ಭೋಸರಿ ಎಂಐಡಿಸಿಯಲ್ಲಿ ಸಿಎನ್‌ಸಿ ಮಷೀನ್ ಇಟ್ಕೊಂಡು ಗಾಡಿ ಪಾರ್ಟ್ಸ್ ಮಾಡೋ ಜಮಖಂಡಿ ಕಡೆಯ ಅಣ್ಣಾರು ಅವರು, ಹೆಸರು ಬೇಡ. ಲೆಕ್ಕ ತಲೆಗೆ ಹತ್ತಲಿ ಅಂತ ಅಂಕಿಗಳನ್ನ ದುಂಡಗೆ ಮಾಡಿದೀನಿ, ನಡೆದ ಸಂಗತಿ ಮಾತ್ರ ಹಾಗೇ ಇದೆ.

ಸೂತ್ರಕ್ಕೆ ಅಂಕಿ ಹಾಕೋ ಮುಂಚೆ ಆ ಅಂಕಿನೇ ಸರಿ ಇದೆಯಾ ನೋಡ್ಬೇಕು, ಅಲ್ಲೇ ಮೊದಲನೇ ಎಡವಟ್ಟು ಆಗೋದು. ಗ್ರಾಹಕರ ಲೆಡ್ಜರಿನಲ್ಲಿ ಇರೋ ಬಾಕಿ ಜಿಎಸ್‌ಟಿ ಸೇರಿದ ಬಾಕಿ, ಯಾಕಂದ್ರೆ ಅವರು ನಮಗೆ ಕೊಡ್ಬೇಕಾಗಿರೋದು ಪೂರ್ತಿ ಬಿಲ್ ಮೊತ್ತ. ಆದ್ರೆ ಲಾಭ ನಷ್ಟದ ಪಟ್ಟಿಯಲ್ಲಿ ಸೇಲ್ಸ್ ಅಂತ ಇರೋದು ಜಿಎಸ್‌ಟಿ ಬಿಟ್ಟ ಮೊತ್ತ. ಮೇಲೊಂದು ಜಾತಿ ಕೆಳಗೊಂದು ಜಾತಿ ಹಾಕಿ ಭಾಗಿಸಿದ್ರೆ, 18 ಪರ್ಸೆಂಟ್ ತೆರಿಗೆ ಇರೋ ಮಾಲಿಗೆ ಡಿಎಸ್‌ಒ ಸೀದಾ 18 ಪರ್ಸೆಂಟ್ ಉಬ್ಬತ್ತೆ. ನಿಜವಾಗಿ 46 ದಿನ ಇರೋದು 54 ದಿನ ಅಂತ ಕಾಣತ್ತೆ. ಎಂಟು ದಿನ ಸುಳ್ಳು. ಅದಕ್ಕೆ ಮಾರಾಟದ ಅಂಕಿನ ಸೇಲ್ಸ್ ರಿಜಿಸ್ಟರಿಂದ ಇನ್‌ವಾಯ್ಸ್ ಒಟ್ಟು ಮೊತ್ತದ ಕಾಲಮ್‌ನಿಂದಲೇ ತಗೊಳ್ರಿ, ತೆರಿಗೆ ಸೇರಿಸಿ, ಎರಡೂ ಕಡೆ ಒಂದೇ ಜಾತಿ ಆಗ್ಲಿ. ರೋಖ ಮಾರಿದ ಬಿಲ್, ಸ್ಕ್ರ್ಯಾಪ್ ಮಾರಿದ್ದು ಇವೆಲ್ಲ ಬಿಡ್ರಿ, ಅವಕ್ಕೆ ಬಾಕಿನೇ ಇರಲ್ಲ, ಸೇರಿಸಿದ್ರೆ ಡಿಎಸ್‌ಒ ಸುಮ್ನೆ ಚೆನ್ನಾಗಿ ಕಾಣತ್ತೆ.

ಬಾಕಿ ಕಡೆನೂ ಒಂಚೂರು ಕಸ ಗುಡಿಸ್ಬೇಕು. ಟ್ಯಾಲಿ ಇಟ್ಕೊಂಡೋರಿಗೆ ಗೊತ್ತಿರತ್ತೆ, ದುಡ್ಡು ಬಂದಾಗ ಹುಡುಗ ಅವಸರದಲ್ಲಿ `Agst Ref` ಹಾಕಿ ಬಿಲ್‌ಗೆ ಜೋಡಿಸೋ ಬದಲು `On Account` ಅಂತ ಒತ್ತಿ ಬಿಡ್ತಾನೆ, ಆಗ ಆ ಪಾರ್ಟಿ ಒಟ್ಟು ಬಾಕಿ ಸರಿ ಇರತ್ತೆ ಆದ್ರೆ ಯಾವ ಬಿಲ್ ತೀರಿದೆ ಯಾವುದು ತೀರಿಲ್ಲ ಅಂತ ಗೊತ್ತೇ ಆಗಲ್ಲ, ಆರು ತಿಂಗಳ ಹಿಂದಿನ ತೀರಿದ ಬಿಲ್ ಇನ್ನೂ ತೆರೆದೇ ಕೂತಿರತ್ತೆ. ಗ್ರಾಹಕರು ಕಡಿದ ಟಿಡಿಎಸ್‌ಗೆ ಎಂಟ್ರಿ ಹಾಕದೇ ಬಿಟ್ರೂ ಹಾಗೇ, ಪ್ರತಿ ಬಿಲ್‌ನಲ್ಲೂ ಸಣ್ಣ ಬಾಲ ಉಳ್ಕೊಂಡಿರತ್ತೆ. ಇನ್ನೊಂದು ದೊಡ್ಡದು ಅಡ್ವಾನ್ಸ್. ಒಬ್ಬ ಗ್ರಾಹಕ 6 ಲಕ್ಷ ಅಡ್ವಾನ್ಸ್ ಕೊಟ್ಟಿದ್ರೆ ಅವನ ಲೆಡ್ಜರ್ ಕ್ರೆಡಿಟ್‌ನಲ್ಲಿ ಇರತ್ತೆ, ಗ್ರೂಪ್ ಒಟ್ಟು ತಗೊಂಡ್ರೆ ಅದು ಬೇರೆಯವರ 6 ಲಕ್ಷ ಬಾಕಿನ ನುಂಗಿ ಹಾಕತ್ತೆ. ಇವನ ದುಡ್ಡಿಂದ ಅವನ ಸಾಲ ತೀರಲ್ಲ ಅಲ್ವಾ, ಅದಕ್ಕೆ ಕ್ರೆಡಿಟ್ ಬ್ಯಾಲೆನ್ಸ್ ಬೇರೆ ತೆಗೆದಿಟ್ಟು ಲೆಕ್ಕ ಮಾಡ್ಬೇಕು. ನಮ್ಮ ಅಣ್ಣಾರ ಪುಸ್ತಕ ಗುಡಿಸೋಕೆ ನಂಗೆ ಎರಡು ದಿನ ಹಿಡೀತು, ಅಂಕಿ ಹಾಕಿ ನೋಡೋಕೆ ಅರ್ಧ ಗಂಟೆ.

ಈಗ ಅಂಕಿಗೆ ಬರೋಣ, ಎಲ್ಲಾ ಲಕ್ಷದಲ್ಲಿ, ಜಿಎಸ್‌ಟಿ ಸೇರಿ. ಅಕ್ಟೋಬರ್, ನವೆಂಬರ್, ಡಿಸೆಂಬರ್ ಮೂರೂ ತಿಂಗಳು 30, 30, 30 ಮಾರಾಟ, ಒಟ್ಟು 90. ಡಿಸೆಂಬರ್ 31ಕ್ಕೆ ಬಾಕಿ 45. ಮೂರು ತಿಂಗಳಿಗೆ 92 ದಿನ. 45 ಭಾಗಿಸು 90, ಗುಣಿಸು 92, ಬಂದಿದ್ದು 46 ದಿನ. ಅವರು ಹೆಚ್ಚಿನವರಿಗೆ ಕೊಡೋದೇ 45 ದಿನದ ಉದ್ರಿ, ಅಂದ್ರೆ ಆರೋಗ್ಯ ಚೆನ್ನಾಗಿದೆ.

ಮುಂದಿನ ಮೂರು ತಿಂಗಳು ಜನವರಿ 24, ಫೆಬ್ರವರಿ 24, ಮಾರ್ಚ್‌ನಲ್ಲಿ ಮಾತ್ರ 52. ಮಾರ್ಚ್ ಅಂದ್ರೆ ಹಾಗೇ, ಗ್ರಾಹಕರು ವರ್ಷದ ಕೊನೆಗೆ ಎಳ್ಕೊಳ್ತಾರೆ, ನಾವೂ ಟರ್ನೋವರ್ ಕಾಣ್ಲಿ ಅಂತ ರಾತ್ರಿ ಪಾಳಿ ಓಡಿಸಿ ಬಿಲ್ ಮಾಡ್ತೀವಿ. ಒಟ್ಟು 100, ಬಾಕಿ 64, ದಿನ 90. ಸೂತ್ರ ಹೇಳೋದು 57.6 ದಿನ. 46 ಇದ್ದದ್ದು 57.6! ಅಣ್ಣಾರು ಗಾಬರಿ ಆದ್ರು, ಮಾರ್ಕೆಟಿಂಗ್ ಹುಡುಗನ್ನ ಬೈದ್ರು, ಇಲ್ಲೇ ಪುಣೆ ಹತ್ರದ ಚಾಕಣದ ದೊಡ್ಡ ಗ್ರಾಹಕರ ಹತ್ರ ಹೋಗಿ ಕೂತು ಬರ್ರಿ ಅಂತ ಕಳಿಸಿದ್ರು.

ಆಮೇಲೆ ಏಪ್ರಿಲ್ 40, ಮೇ 34, ಜೂನ್ 26, ಒಟ್ಟು 100. ಜೂನ್ 30ಕ್ಕೆ ಬಾಕಿ 61, ದಿನ 91. ಸೂತ್ರ ಹೇಳಿದ್ದು 55.5. ಎರಡು ದಿನ ಇಳೀತು. ಅಷ್ಟೇ ಅಲ್ಲ, ಈ ಮೂರು ತಿಂಗಳಲ್ಲಿ ಮಾರಿದ್ದು 100 ಆದ್ರೆ ಕೈಗೆ ಬಂದಿದ್ದು 103, ಯಾಕಂದ್ರೆ 64 ಇದ್ದ ಬಾಕಿ 61 ಆಗಿದೆ. ಅಣ್ಣಾರಿಗೆ ಸಮಾಧಾನ. "ಅಕ್ಕಾರ, ಗಾಡಿ ಹಳಿ ಮ್ಯಾಲ ಬಂತು, ಮಾರಿದ್ದಕ್ಕಿಂತ ಜಾಸ್ತಿ ವಸೂಲಿ ಆಗೇತಿ" ಅಂದ್ರು. ಆದ್ರೆ ಅದೇ ವಾರ ಬ್ಯಾಂಕಿನ ಕ್ಯಾಶ್ ಕ್ರೆಡಿಟ್ ಸಾಲ, ಸಿಸಿ ಅಂತೀವಲ್ಲ, ಅದರ ಲಿಮಿಟ್ ತುದಿಗೆ ಮುಟ್ಟಿತ್ತು, ಪಗಾರ ಎರಡು ದಿನ ತಡ ಆಗಿತ್ತು. ವಸೂಲಿ ಜಾಸ್ತಿ ಆಗಿದ್ರೆ ಪಗಾರಕ್ಕೆ ಯಾಕೆ ಎಳೆದಾಟ? ಅದಕ್ಕೇ ನನ್ನ ಕರೆದಿದ್ರು.

ಇಲ್ಲಿ ಇನ್ನೊಂದು ಲೆಕ್ಕ ಬರತ್ತೆ, ಕೌಂಟ್‌ಬ್ಯಾಕ್ ಅಂತಾರೆ, ಹಿಂದಕ್ಕೆ ಕಳೀತಾ ಹೋಗೋ ಲೆಕ್ಕ. ಬಾಕಿ ಮೊತ್ತ ಕೈಯಲ್ಲಿ ಹಿಡ್ಕೊಳ್ರಿ, ಅದರಿಂದ ಮೊದಲು ಕೊನೇ ತಿಂಗಳ ಮಾರಾಟ ಕಳೀರಿ, ಆ ತಿಂಗಳ ದಿನ ಪೂರ್ತಿ ಎಣಿಸ್ರಿ, ಇನ್ನೂ ಉಳಿದ್ರೆ ಅದರ ಹಿಂದಿನ ತಿಂಗಳು ಕಳೀರಿ, ಕೊನೆಗೆ ಪೂರ್ತಿ ಕಳೆಯೋಕೆ ಆಗದಷ್ಟು ಚೂರು ಉಳಿಯತ್ತಲ್ಲ, ಅದು ಆ ತಿಂಗಳ ಮಾರಾಟದ ಎಷ್ಟನೇ ಪಾಲು ನೋಡಿ ಅಷ್ಟು ಪಾಲು ದಿನ ಸೇರಿಸ್ರಿ. ಅಷ್ಟೇ.

ಡಿಸೆಂಬರ್ ನೋಡ್ರಿ. ಬಾಕಿ 45. ಡಿಸೆಂಬರ್ ಮಾರಾಟ 30 ಕಳೆದ್ರೆ 15, ಎಣಿಸಿದ್ದು 31 ದಿನ. ಉಳಿದ 15, ನವೆಂಬರ್ ಮಾರಾಟ 30ರ ಅರ್ಧ, ಅಂದ್ರೆ 15 ದಿನ. ಒಟ್ಟು 46. ಸೂತ್ರದ ಉತ್ತರನೇ ಬಂತು, ಯಾಕಂದ್ರೆ ಮೂರೂ ತಿಂಗಳು ಮಾರಾಟ ಸಮ ಇತ್ತು. ಮಾರಾಟ ಸಮ ಇದ್ದಾಗ ಎರಡೂ ಲೆಕ್ಕ ಒಂದೇ ಹೇಳ್ತಾವೆ, ಜಗಳ ಶುರು ಆಗೋದು ಮಾರಾಟ ಏರಿಳಿದಾಗ.

ಮಾರ್ಚ್‌ಗೆ ಬರ್ರಿ. ಬಾಕಿ 64, ಮಾರ್ಚ್ 52 ಕಳೆದ್ರೆ 12, ದಿನ 31. ಆ 12 ಫೆಬ್ರವರಿ 24ರ ಅರ್ಧ, 28ರಲ್ಲಿ ಅರ್ಧ 14 ದಿನ. ಒಟ್ಟು 45. ಅಂದ್ರೆ ಯಾರೂ ತಡ ಮಾಡೇ ಇಲ್ಲ! ಬಾಕಿ ಜಾಸ್ತಿ ಕಂಡಿದ್ದು ಮಾರ್ಚ್‌ನಲ್ಲಿ ಬಿಲ್ ಜಾಸ್ತಿ ಆಗಿದ್ದಕ್ಕೆ, ಆ ಬಿಲ್‌ಗಳಿಗೆ ಇನ್ನೂ ಗಡುವೇ ಬಂದಿರ್ಲಿಲ್ಲ. ಪಾಪ ಆ ಹುಡುಗ ಬೈಸ್ಕೊಂಡಿದ್ದು ಸುಮ್ನೆ.

ಈಗ ಜೂನ್. ಬಾಕಿ 61. ಜೂನ್ 26 ಕಳೆದ್ರೆ 35, ದಿನ 30. ಮೇ 34 ಕಳೆದ್ರೆ 1, ದಿನ 31. ಉಳಿದ 1 ಏಪ್ರಿಲ್ 40ರಲ್ಲಿ ನಲವತ್ತರ ಒಂದು ಪಾಲು, ಒಂದು ದಿನಾನೂ ಇಲ್ಲ, ಮುಕ್ಕಾಲು. ಒಟ್ಟು 62 ದಿನ ಹತ್ರ.

ಬೋರ್ಡ್ ಮೇಲೆ ಎರಡೂ ಅಕ್ಕಪಕ್ಕ ಬರೆದಾಗ ಕೂತಿದ್ದೋರು ಒಂದು ಗಳಿಗೆ ಸುಮ್ನಾದ್ರು. ಸೂತ್ರ ಹೇಳಿದ್ದು 46, 57.6, 55.5. ಹಿಂದಕ್ಕೆ ಕಳೆದ ಲೆಕ್ಕ ಹೇಳಿದ್ದು 46, 45, 62. ಒಂದು ಏರಿದಾಗ ಇನ್ನೊಂದು ಇಳಿದಿದೆ. ಮೊದಲನೇದ್ದು ನಂಬಿ ಅಣ್ಣಾರು ಮಾರ್ಚ್‌ನಲ್ಲಿ ಓಡಾಡಿದ್ರು, ಜೂನ್‌ನಲ್ಲಿ ನಿರಾಳ ಆದ್ರು, ಎರಡೂ ಉಲ್ಟಾ. ಕಾರಣ ಒಂದೇ, ಸೂತ್ರ ಮೂರು ತಿಂಗಳ ಮಾರಾಟನ ಒಂದೇ ಬುಟ್ಟಿಗೆ ಹಾಕತ್ತೆ, ಆ 100 ಯಾವ ತಿಂಗಳು ಎಷ್ಟು ಅಂತ ಅದಕ್ಕೆ ಗೊತ್ತಿಲ್ಲ. ಏಪ್ರಿಲ್‌ನಲ್ಲಿ ಮಾರಿದ 40 ಇಷ್ಟು ಹೊತ್ತಿಗೆ ಬಂದು ತೀರಿರ್ಬೇಕಿತ್ತು, ಅದು ಸೂತ್ರದಲ್ಲಿ ಭಾಗಿಸೋ ಅಂಕಿಯ ಒಳಗೆ ಕೂತು ಡಿಎಸ್‌ಒನ ಚೆನ್ನಾಗಿ ತೋರಿಸ್ತಿದೆ. ಆ 103 ವಸೂಲಿನೂ ಹಾಗೇ, ಅದರಲ್ಲಿ ದೊಡ್ಡ ಪಾಲು ಮಾರ್ಚ್‌ನ 52 ಬಂದಿದ್ದು.

ಅಲ್ಲೇ ಒಬ್ಬ ಹುಡುಗಿ ಕೇಳಿದ್ಲು, ಮೇಡಂ ನಾವು ಬೇರೆ ಥರ ಮಾಡ್ತೀವಿ, ಆ ತಿಂಗಳು ದುಡ್ಡು ಬಂದ ಬಿಲ್‌ಗಳನ್ನ ತಗೊಂಡು ಬಿಲ್ ತಾರೀಖಿಂದ ದುಡ್ಡು ಬಂದ ತಾರೀಖಿಗೆ ಎಷ್ಟು ದಿನ ಅಂತ ಸರಾಸರಿ ತೆಗೀತೀವಿ, ಅದು ನಿಜವಾದ ದಿನ ಅಲ್ವಾ ಅಂತ. ಒಳ್ಳೇ ಪ್ರಶ್ನೆ, ಅಣ್ಣಾರ ಗುಮಾಸ್ತನೂ ಹಾಗೇ ಮಾಡಿದ್ದ, ಅವನಿಗೆ ಜೂನ್‌ನಲ್ಲಿ ಬಂದಿದ್ದು 44 ದಿನ, ಮೂರರಲ್ಲಿ ಎಲ್ಲಕ್ಕಿಂತ ಚೆಂದದ ಅಂಕಿ! ಯಾಕಂದ್ರೆ ದುಡ್ಡು ಬಾರದೇ ನಿಂತ ಬಿಲ್ ಆ ಲೆಕ್ಕಕ್ಕೆ ಬರೋದೇ ಇಲ್ಲ. ಕೆಟ್ಟ ಬಿಲ್ ಎಷ್ಟು ಜಾಸ್ತಿ ನಿಲ್ತಾವೋ ಉಳಿದ ಒಳ್ಳೇ ಬಿಲ್‌ಗಳ ಸರಾಸರಿ ಅಷ್ಟು ಚೆನ್ನಾಗೇ ಕಾಣತ್ತೆ. ಹಳೇ ಗಂಟು ಒಂದಿನ ಬಿಚ್ಚಿ ದುಡ್ಡು ಬಂತು ಅಂದ್ಕೊಳ್ರಿ, ಆ ತಿಂಗಳು ಸರಾಸರಿ ದಿಢೀರ್ ಏರತ್ತೆ, ಒಳ್ಳೇ ಸುದ್ದಿ ಬಂದ ತಿಂಗಳೇ ಅಂಕಿ ಕೆಟ್ಟದಾಗಿ ಕಾಣತ್ತೆ. ಆ ಲೆಕ್ಕ ಬಿಡ್ಬೇಡ್ರಿ, ಗ್ರಾಹಕರೊಬ್ಬರ ಅಭ್ಯಾಸ ತಿಳ್ಕೊಳ್ಳೋಕೆ ಅದು ಬೇಕು, ಆದ್ರೆ ಅದೊಂದನ್ನೇ ನೋಡ್ಕೊಂಡು ಕೂರಬೇಡ್ರಿ.

ಹಂಗಾದ್ರೆ 62 ಅಂತ ಗೊತ್ತಾಯ್ತು, ಮುಂದೇನು? ಅಂಕಿ ಎಲ್ಲೋ ನೋವಿದೆ ಅಂತಷ್ಟೇ ಹೇಳತ್ತೆ, ಎಲ್ಲಿ ಅಂತ ಹೇಳೋದು ಇನ್‌ವಾಯ್ಸ್. ಅದಕ್ಕೆ ತೆರೆದಿರೋ ಬಿಲ್ ಎಲ್ಲಾ ಒಂದು ಎಕ್ಸೆಲ್ ಶೀಟ್‌ಗೆ ತಂದೆ. A ಕಾಲಮ್‌ನಲ್ಲಿ ಗ್ರಾಹಕ, B ಬಿಲ್ ತಾರೀಖು, C ಗಡುವು ತಾರೀಖು, D ಬಾಕಿ ಮೊತ್ತ, E ಗಡುವು ದಾಟಿದ ದಿನ, F ಪಾರ್ಟ್ ನಂಬರ್. H1ನಲ್ಲಿ ಜೂನ್ 30 ಅಂತ ತಾರೀಖು ಬರೆದು E ಕಾಲಮ್‌ಗೆ ಇಷ್ಟು ಹಾಕಿದ್ರೆ ಆಯ್ತು:

```
=MAX(0, $H$1-C2)
```

ಇವತ್ತಿನ ತಾರೀಖು ತಾನಾಗೇ ಬರೋ ಹಾಗೆ ಮಾಡ್ಬೇಡ್ರಿ, ನಾಳೆ ಶೀಟ್ ತೆರೆದ್ರೆ ಬೇರೆ ಅಂಕಿ ತೋರ್ಸತ್ತೆ, ಹೋದ ತಿಂಗಳ ಜೊತೆ ಹೋಲಿಸೋಕೆ ಆಗಲ್ಲ.

ಬಾಕಿ 61ರಲ್ಲಿ ಗಡುವು ಇನ್ನೂ ಬಂದಿಲ್ಲದ್ದು 38, ದಾಟಿದ್ದು 23. ಮಾರ್ಚ್ 31ರದ್ದು ಹೀಗೇ ತೆಗೆದ್ರೆ 64ರಲ್ಲಿ ಗಡುವು ದಾಟಿದ್ದು ಬರೀ 5 ಲಕ್ಷ ಇತ್ತು. ಅಂದ್ರೆ ಒಟ್ಟು ಬಾಕಿ 3 ಲಕ್ಷ ಇಳಿದಿದೆ, ಅದರ ಒಳಗೆ ಕೆಟ್ಟ ಬಾಕಿ 18 ಲಕ್ಷ ಏರಿದೆ. ಇದು ನಂಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸೋ ಅಂಕಿ, ಮ್ಯಾನೇಜರ್ ಆದವ್ರು ಒಂದೇ ಒಂದು ಅಂಕಿ ನೋಡ್ತೀನಿ ಅಂದ್ರೆ ಇದನ್ನ ನೋಡ್ಲಿ ಅಂತೀನಿ.

ಆ 23ನ್ನ ಗ್ರಾಹಕರ ಪ್ರಕಾರ ಒಡೆದೆ. ಎಲ್ಲಾ ಸಣ್ಣಪುಟ್ಟವರು ಸೇರಿ ಐದೂವರೆ, ಅದು ಮಾರ್ಚ್‌ನಲ್ಲೂ ಹೆಚ್ಚು ಕಡಿಮೆ ಅಷ್ಟೇ ಇತ್ತು. ಉಳಿದ ಹದಿನೇಳೂವರೆ ಲಕ್ಷ ಒಬ್ಬರದ್ದೇ, ಚಾಕಣದ ದೊಡ್ಡ ಗ್ರಾಹಕರದ್ದು, 14 ಬಿಲ್. ಅಣ್ಣಾರು ತಕ್ಷಣ "ಅವರ ಕಂಪನಿ ಸ್ಥಿತಿ ಸರಿ ಇಲ್ಲಂತ ಕೇಳೀನ್ರೀ ಅಕ್ಕಾರ, ಮಾಲು ಕೊಡೂದು ನಿಲ್ಲಿಸಿಬಿಡ್ಲೇನು" ಅಂದ್ರು. ಒಂದು ನಿಮಿಷ ತಡೀರಿ ಅಣ್ಣಾರ, ಬಿಲ್ ನೋಡೋಣ ಅಂದೆ.

ಇದನ್ನ ಸ್ವಲ್ಪ ನಿಧಾನಕ್ಕೆ ಹೇಳ್ತೀನಿ, ಯಾಕಂದ್ರೆ ಬಿಲ್ ನಿಲ್ಲೋ ರೀತಿ ನೋಡಿದ್ರೆನೇ ಕಾರಣದ ಅರ್ಧ ವಾಸನೆ ಬಡಿಯತ್ತೆ. ಗ್ರಾಹಕರಿಗೇ ದುಡ್ಡಿನ ಕಷ್ಟ ಇದ್ರೆ ಎಲ್ಲಾ ಬಿಲ್ ಒಟ್ಟಿಗೆ ಜಾರ್ತಾವೆ, ಮೊದಲು 45ಕ್ಕೆ ಬರೋದು 52, ಆಮೇಲೆ 60, ಮತ್ತೆ ದುಡ್ಡು ಬಿಲ್ ಮೊತ್ತಕ್ಕೆ ಹೊಂದಲ್ಲ, 2 ಲಕ್ಷ, 3 ಲಕ್ಷ ಅಂತ ದುಂಡು ಮೊತ್ತ ಬರತ್ತೆ, ಕೈಯಲ್ಲಿ ಇದ್ದಷ್ಟು ಹಾಕ್ತಾರೆ ಅಂತ ಅರ್ಥ. ಅವರು ಪೇಮೆಂಟ್ ಪದ್ಧತಿನೇ ಬದಲಾಯಿಸಿದ್ರೆ, ಉದಾಹರಣೆಗೆ ಮುಂಚೆ ವಾರಕ್ಕೊಮ್ಮೆ ಪೇಮೆಂಟ್ ಮಾಡೋರು ತಿಂಗಳಿಗೊಮ್ಮೆ ಮಾಡೋಕೆ ಶುರು ಮಾಡಿದ್ರೆ, ಎಲ್ಲಾ ಬಿಲ್ ಒಂದು ಸಲ ಕುಪ್ಪಳಿಸಿ ಅಲ್ಲೇ ನಿಲ್ತಾವೆ, ಮತ್ತೆ ಏರಲ್ಲ. ಆದ್ರೆ ಕೆಲವು ಬಿಲ್ ಸರಿಯಾದ ದಿನಕ್ಕೆ ಪೈಸೆ ಪೈಸೆ ಹೊಂದೋ ಹಾಗೆ ಬರ್ತಾ, ಅದೇ ಗ್ರಾಹಕರದ್ದೇ ಇನ್ನು ಕೆಲವು ಬಿಲ್ ಮಾತ್ರ ಪೂರ್ತಿ ನಿಂತಿದ್ರೆ, ದುಡ್ಡಿನ ಸಮಸ್ಯೆ ಅಲ್ಲ, ಆ ಬಿಲ್‌ನಲ್ಲೇ ಏನೋ ಇದೆ.

ಇಲ್ಲಿ ಹಾಗೇ ಇತ್ತು. ಚಾಕಣದವರಿಗೆ ಮೂರು ಪಾರ್ಟ್ ಹೋಗ್ತಿತ್ತು. ಎರಡು ಪಾರ್ಟಿನ ಬಿಲ್ 45, 46 ದಿನಕ್ಕೆ ಚೊಕ್ಕ ಬಂದಿವೆ, ಮೂರನೇ ಪಾರ್ಟ್‌ದು ಏಪ್ರಿಲ್ 12ರಿಂದ ಮಾಡಿದ ಬಿಲ್ ಒಂದೂ ಬಂದಿಲ್ಲ. F ಕಾಲಮ್ ಫಿಲ್ಟರ್ ಹಾಕಿದ ಕೂಡ್ಲೇ 14ಕ್ಕೆ 14 ಅದೇ ಪಾರ್ಟ್ ನಂಬರ್. ಮೊದಲನೇ ಬಿಲ್ ತೆಗೆದು ನೋಡಿದ್ವಿ. ಏಪ್ರಿಲ್ 12ರ ಬಿಲ್, ಗಡುವು ಮೇ 27, ಜೂನ್ 30ಕ್ಕೆ ಬಿಲ್ ಆಗಿ 79 ದಿನ, ಗಡುವು ದಾಟಿ 34 ದಿನ. ಹಿಂದೆ ಪಿನ್ ಮಾಡಿದ್ದ ಚಲನ್ ಮೇಲೆ ಚಾಕಣದ ಗೇಟಿನ ನೀಲಿ ಸಿಕ್ಕೆ, ಏಪ್ರಿಲ್ 14. ಅದರ ಕೆಳಗೆ ಯಾರೋ ಪೆನ್ಸಿಲ್‌ನಲ್ಲಿ ಜಿಆರ್‌ಎನ್, ಅಂದ್ರೆ ಮಾಲು ಒಳಗೆ ತಗೊಂಡ ರಸೀದಿಯ ನಂಬರ್ ಬರೆದು 15 ಅಂತ ತಾರೀಖು ಹಾಕಿದ್ರು. ಅಂದ್ರೆ ಮಾಲು ಹೋಗಿದೆ, ಒಳಗೆ ತಗೊಂಡಿದಾರೆ, ರಿಜೆಕ್ಷನ್ ಇಲ್ಲ. ಬಿಲ್‌ನಲ್ಲಿ ರೇಟ್ 62 ರೂಪಾಯಿ ಒಂದು ಪೀಸ್‌ಗೆ. ಫೈಲಿನಲ್ಲಿದ್ದ ಅವರ ಪರ್ಚೇಸ್ ಆರ್ಡರ್, ಪಿಒ ತೆಗೆದ್ವಿ, ಅದರಲ್ಲಿ 60.

ಉಕ್ಕಿನ ರೇಟ್ ಏರಿದ್ದಕ್ಕೆ ಏಪ್ರಿಲ್‌ನಿಂದ 2 ರೂಪಾಯಿ ಜಾಸ್ತಿ ಕೊಡ್ತೀವಿ ಅಂತ ಅವರ ಪರ್ಚೇಸ್‌ನವರು ಫೋನ್‌ನಲ್ಲಿ ಒಪ್ಪಿದ್ರು, ಇವರು ನಂಬಿ 62ಕ್ಕೆ ಬಿಲ್ ಮಾಡಿದ್ರು, ಪಿಒದಲ್ಲಿ ರೇಟ್ ತಿದ್ದಿದ ಅಮೆಂಡ್‌ಮೆಂಟ್ ಮಾತ್ರ ಬರ್ಲಿಲ್ಲ. ಅವರ ಸಿಸ್ಟಮ್ ಪಿಒ, ಜಿಆರ್‌ಎನ್, ಬಿಲ್ ಮೂರೂ ಹೊಂದಿದ್ರೆ ಮಾತ್ರ ಪೇಮೆಂಟ್‌ಗೆ ಬಿಡತ್ತೆ. ನಾನು ಅವರ ಅಕೌಂಟ್ಸ್‌ಗೆ ಫೋನ್ ಹಚ್ಚಿದೆ, ಆ ಕಡೆ ಹುಡುಗ ಎರಡು ನಿಮಿಷ ನೋಡಿ "ತಾಯಿ, ಬಿಲ್ ಹೋಲ್ಡ್‌ಲಾ ಆಹೇ, ರೇಟ್ ಮ್ಯಾಚ್ ಹೋತ್ ನಾಹಿ" ಅಂದ, ರೇಟ್ ಹೊಂದ್ತಿಲ್ಲ, ಬಿಲ್ ತಡೆದಿಟ್ಟಿದೆ ಅಂತ. ಎಷ್ಟು ದಿನದಿಂದ ಅಂದ್ರೆ ಮೊದಲಿಂದನೂ. ಯಾಕಪ್ಪಾ ಹೇಳ್ಲಿಲ್ಲ ಅಂದ್ರೆ ಯಾರೂ ಕೇಳ್ಲಿಲ್ಲ ಅಂದ. ನಮ್ಮವರು ಫೋನ್ ಮಾಡ್ತಿರ್ಲಿಲ್ಲ ಅಂತಲ್ಲ, ಆದ್ರೆ ಪ್ರತಿ ಸಲ ಪೇಮೆಂಟ್ ಯಾವಾಗ ಅಂತ ಕೇಳ್ತಿದ್ರು, ಈ ನಂಬರಿನ ಬಿಲ್ ನಿಮ್ಮಲ್ಲಿ ಬುಕ್ ಆಗಿದೆಯಾ ಅಂತ ಯಾರೂ ಕೇಳಿರ್ಲಿಲ್ಲ. ಪೇಮೆಂಟ್ ಯಾವಾಗ ಅಂತ ಕೇಳಿದ್ರೆ ಮುಂದಿನ ವಾರ ಅಂತ ಉತ್ತರ ಬರತ್ತೆ, ಬುಕ್ ಆಗಿದೆಯಾ ಅಂತ ಕೇಳಿದ್ರೆ ಅವರು ಸ್ಕ್ರೀನ್ ನೋಡ್ಲೇಬೇಕು.

ಲೆಕ್ಕ ಹಾಕಿ ನೋಡ್ರಿ. ಹದಿನೇಳೂವರೆ ಲಕ್ಷದಲ್ಲಿ ತಗಾದೆ ಇರೋದು 62ಕ್ಕೆ 2 ರೂಪಾಯಿ, ಅಂದ್ರೆ ಒಟ್ಟು 56 ಸಾವಿರ ಚಿಲ್ಲರೆ. 56 ಸಾವಿರದ ಸಲುವಾಗಿ ಹದಿನೇಳೂವರೆ ಲಕ್ಷ ನಿಂತಿತ್ತು. ಆ ಬಿಲ್‌ಗಳ ಮೇಲಿನ ಜಿಎಸ್‌ಟಿ 2 ಲಕ್ಷ 67 ಸಾವಿರ, ಅದು ಗ್ರಾಹಕರಿಂದ ದುಡ್ಡು ಬರ್ಲಿ ಬಿಡ್ಲಿ ಆಯಾ ತಿಂಗಳ ರಿಟರ್ನ್‌ನಲ್ಲಿ ನಮ್ಮ ಹೊಣೆ ಆಗೇ ಬಿಡತ್ತೆ, ಇನ್‌ಪುಟ್ ಕ್ರೆಡಿಟ್ ಕಳೆದು ಉಳಿದಿದ್ದನ್ನ ಜೇಬಿಂದ ಕಟ್ಟಿದ್ರು. ಸಿಸಿ ಬಡ್ಡಿ ಅವರದ್ದು 11 ಪರ್ಸೆಂಟ್, ಹದಿನೇಳೂವರೆ ಲಕ್ಷಕ್ಕೆ ತಿಂಗಳಿಗೆ 16 ಸಾವಿರ. ಇದಕ್ಕಿಂತ ಅಪಾಯದ್ದು ಇನ್ನೊಂದಿತ್ತು, ಅದು ಮುಂದಿನ ತಿಂಗಳು ಬರೋದಿತ್ತು. ಬ್ಯಾಂಕಿಗೆ ತಿಂಗಳಾ ತಿಂಗಳಾ ಸ್ಟಾಕ್ ಸ್ಟೇಟ್‌ಮೆಂಟ್ ಕೊಡ್ತೀವಲ್ಲ, ಅದರಲ್ಲಿ 90 ದಿನ ದಾಟಿದ ಬಾಕಿನ ಬಹಳ ಬ್ಯಾಂಕ್‌ಗಳು ಡ್ರಾಯಿಂಗ್ ಪವರ್, ಅಂದ್ರೆ ನಾವು ಸಿಸಿಯಿಂದ ಎಷ್ಟು ಎತ್ತಬಹುದು ಅನ್ನೋ ಲೆಕ್ಕಕ್ಕೆ ಹಿಡಿಯೋದಿಲ್ಲ. ಏಪ್ರಿಲ್ 12ರ ಬಿಲ್ ಜುಲೈ 11ಕ್ಕೆ 90 ಮುಟ್ಟತ್ತೆ. ಅಲ್ಲಿಂದ ಒಂದೊಂದೇ ಬಿಲ್ ಆ ಗೆರೆ ದಾಟ್ತಾ ಹೋದ ಹಾಗೆ, ಗ್ರಾಹಕರು ಕೊಡೋದು ತಡ ಆಗಿದೆ ಅಂತ ಬ್ಯಾಂಕೂ ಕೊಡೋದು ಕಮ್ಮಿ ಮಾಡತ್ತೆ, ಒಂದೇ ಹೊಡೆತ ಎರಡು ಕಡೆಯಿಂದ. ಡಿಎಸ್‌ಒ ಏರಿದಾಗ ಮ್ಯಾನೇಜರ್ ಆದವ್ರು ಕೇಳ್ಕೋಬೇಕಾದ ಪ್ರಶ್ನೆಯಲ್ಲಿ ಇದೂ ಒಂದು, ನನ್ನ ಯಾವ ಬಿಲ್ ಯಾವ ದಿನ 90 ದಾಟತ್ತೆ ಅಂತ.

ಕಾನೂನಿನ ಮಾತೂ ಬಂತು ಅಲ್ಲಿ. ಅಣ್ಣಾರದ್ದು ಉದ್ಯಮ್ ರಿಜಿಸ್ಟ್ರೇಷನ್ ಇದೆ, ಸಣ್ಣ ಉದ್ಯಮ. 2006ರ ಎಂಎಸ್‌ಎಂಇಡಿ ಕಾಯ್ದೆ ಪ್ರಕಾರ ಬರಹದಲ್ಲಿ ಏನೇ ಒಪ್ಪಂದ ಇದ್ರೂ ಮಾಲು ಒಪ್ಪಿಕೊಂಡ ದಿನದಿಂದ 45 ದಿನಕ್ಕಿಂತ ಜಾಸ್ತಿ ಎಳೆಯೋ ಹಾಗಿಲ್ಲ, ಎಳೆದ್ರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ರೇಟಿನ ಮೂರು ಪಟ್ಟು ಚಕ್ರಬಡ್ಡಿ. ಒಪ್ಪಿಕೊಂಡ ದಿನ ಅಂದ್ರೆ ಮಾಲು ತಲುಪಿದ ದಿನ, ತಲುಪಿದ 15 ದಿನದ ಒಳಗೆ ಮಾಲಿನ ಬಗ್ಗೆ ಬರಹದಲ್ಲಿ ತಕರಾರು ಕೊಟ್ಟಿದ್ರೆ ಮಾತ್ರ ಆ ದಿನ ಮುಂದಕ್ಕೆ ಹೋಗತ್ತೆ. ಇಲ್ಲಿ ಬರಹದಲ್ಲಿ ಯಾರೂ ಏನೂ ಕೊಟ್ಟಿಲ್ಲ, ಸಿಸ್ಟಮ್‌ನಲ್ಲಿ ಹೋಲ್ಡ್ ಅಂತ ಕೂತಿದ್ರೆ ಅದು ತಕರಾರು ಆಗಲ್ಲ. ಅದಕ್ಕೇ ಆ ನೀಲಿ ಸಿಕ್ಕೆ ಇರೋ ಚಲನ್ ಜೋಪಾನ ಮಾಡ್ರಿ ಅಂದೆ, ನಾಳೆ ಬೇಕಾದ್ರೆ ಏಪ್ರಿಲ್ 14 ಅಂತ ತೋರ್ಸೋದು ಅದೊಂದೇ. ಆದಾಯ ತೆರಿಗೆಯಲ್ಲೂ 2024ರ ಏಪ್ರಿಲ್ 1ರಿಂದ 43B(h) ಅನ್ನೋ ನಿಯಮ ಬಂತು, ಮೈಕ್ರೋ ಮತ್ತು ಸ್ಮಾಲ್ ಉದ್ಯಮಕ್ಕೆ ಕಾಯ್ದೆ ಹೇಳಿದ ಗಡುವಿನಲ್ಲಿ ಕೊಡದ ಮೊತ್ತವನ್ನ ಕೊಂಡವರು ನಿಜವಾಗಿ ಕೊಟ್ಟ ವರ್ಷದಲ್ಲೇ ಖರ್ಚು ಅಂತ ತೋರಿಸ್ಬೇಕು. ಅದರಿಂದ ನಾನು ನೋಡಿದ ಹಾಗೆ ಮಾರ್ಚ್ ಕೊನೇ ವಾರ ಬಹಳ ಕಂಪನಿಗಳು ಸಣ್ಣವರ ಬಾಕಿ ಚುಕ್ತಾ ಮಾಡ್ತಾವೆ, ಏಪ್ರಿಲ್‌ನಿಂದ ಮತ್ತೆ ಸಡಿಲ. ಅದಕ್ಕೇ ಮಾರ್ಚ್ 31ರ ಡಿಎಸ್‌ಒ ಜೊತೆ ಜೂನ್‌ದು ಹೋಲಿಸೋದಷ್ಟೇ ಅಲ್ಲ, ಹೋದ ವರ್ಷದ ಜೂನ್ ಜೊತೆನೂ ಹೋಲಿಸಿ ನೋಡ್ರಿ.

ಆದ್ರೆ ಅಣ್ಣಾರು ಕಾನೂನಿಗೆ ಹೋಗ್ಲಿಲ್ಲ, ಹೋಗೋದು ಬೇಕೂ ಇರ್ಲಿಲ್ಲ. ಕಾರಣ ಗೊತ್ತಾದ ಮೇಲೆ ಕೆಲಸ ಪರ್ಚೇಸ್‌ನವರ ಮೇಜಿನ ಮೇಲಿತ್ತು. 14 ಬಿಲ್ ನಂಬರ್, ಜಿಆರ್‌ಎನ್ ನಂಬರ್, ಹಳೇ ರೇಟ್ ಹೊಸ ರೇಟ್ ಒಂದೇ ಹಾಳೆಯಲ್ಲಿ ಬರೆದು, ಫೋನ್‌ನಲ್ಲಿ ಒಪ್ಪಿದ ದಿನದ ಆಮೇಲೆ ಇವರು ಕಳಿಸಿದ್ದ ಮೇಲ್ ಜೊತೆಗಿಟ್ಟು ಕಳಿಸಿದ್ವಿ. ಜುಲೈ 8ಕ್ಕೆ ಅಮೆಂಡ್‌ಮೆಂಟ್ ಬಂತು, ಅದೂ ಏಪ್ರಿಲ್ 1ರಿಂದ ಜಾರಿ ಅಂತ. ಅದು ಬರ್ಲಿಲ್ಲ ಅಂದಿದ್ರೆ ಏನ್ ಮಾಡೋದು ಅಂತನೂ ಮಾತಾಗಿತ್ತು, 2 ರೂಪಾಯಿಗೆ ಕ್ರೆಡಿಟ್ ನೋಟ್ ಕೊಟ್ಟು 60ರ ಹಾಗೆ ದುಡ್ಡು ಬಿಡಿಸ್ಕೊಂಡು, ಆ 56 ಸಾವಿರದ ಜಗಳ ಆಮೇಲೆ ಬೇರೆ ಆಡೋದು ಅಂತ. ನಂಗೆ ಇವತ್ತಿಗೂ ಅದೇ ಸರಿ ಅನ್ನಿಸತ್ತೆ, ಜಗಳದ ಮೊತ್ತನ ಜಗಳ ಇಲ್ಲದ ಮೊತ್ತದಿಂದ ಎಷ್ಟು ಬೇಗ ಬಿಡಿಸ್ತೀವೋ ಅಷ್ಟು ಒಳ್ಳೇದು.

ಕೊನೆಗೆ ಒಬ್ಬರು ಹಿರಿಯರು, ಗಣೇಶ ಹಬ್ಬಕ್ಕೆ ಡೆಕೋರೇಷನ್ ಸಾಮಾನು ಸಪ್ಲೈ ಮಾಡೋರು, ನಮಗೂ ಈ ಕೌಂಟ್‌ಬ್ಯಾಕ್ ನಡೀತದೇನ್ರಿ ಅಂತ ಕೇಳಿದ್ರು. ಹುಷಾರಾಗಿ ಅಂದೆ. ಹಬ್ಬ ಆದ ಮೇಲೆ ಎರಡು ಮೂರು ತಿಂಗಳು ಮಾರಾಟನೇ ಇಲ್ಲ ಅಂದ್ರೆ, ಬಾಕಿ ಸ್ವಲ್ಪನೇ ಇದ್ರೂ ಖಾಲಿ ತಿಂಗಳುಗಳನ್ನ ದಾಟಿ ಹಬ್ಬದ ತಿಂಗಳಿಗೇ ಹೋಗಿ ಮುಟ್ಟತ್ತೆ, ಅಂಕಿ 90, 100 ಅಂತ ಏರಿ ಹೆದರಿಸತ್ತೆ. ಅಂಥವರು ದಿನ ಎಣಿಸೋದು ಬಿಟ್ಟು, ಹಬ್ಬದ ಬಿಲ್ ನೂರರಲ್ಲಿ 30 ದಿನಕ್ಕೆ ಎಷ್ಟು ಬಂತು, 60ಕ್ಕೆ ಎಷ್ಟು, 90ಕ್ಕೆ ಎಷ್ಟು ಅಂತ ಬರ್ಕೊಂಡು ಹೋದ ವರ್ಷದ ಹಬ್ಬದ ಜೊತೆ ಇಟ್ಟು ನೋಡೋದೇ ವಾಸಿ. ಹಾಗೇ ಇಡೀ ವರ್ಷಕ್ಕೆ ಹತ್ತೇ ಬಿಲ್ ಮಾಡೋರಿಗೆ ಡಿಎಸ್‌ಒ ಬೇಡವೇ ಬೇಡ, ಹತ್ತು ಬಿಲ್ ಹೆಸರಿಟ್ಟು ನೋಡ್ಬಹುದು.

ಅಣ್ಣಾರದ್ದು ಜುಲೈ 31ಕ್ಕೆ ಮತ್ತೆ ಕೂತು ಲೆಕ್ಕ ಹಾಕಿದ್ವಿ. ಜುಲೈ ಮಾರಾಟ 32, ಬಾಕಿ 48. 32 ಕಳೆದ್ರೆ 16, ದಿನ 31, ಉಳಿದ 16 ಜೂನ್ 26ರಲ್ಲಿ ಹದಿನೆಂಟೂವರೆ ದಿನ, ಒಟ್ಟು ನಲವತ್ತೊಂಬತ್ತೂವರೆ. ಆ 14 ಬಿಲ್‌ನಲ್ಲಿ 12 ಬಂದಿದ್ವು, ಎರಡು ಇನ್ನೂ ತೆರೆದಿದ್ವು, ಅದರ ಕೆಲವು ಪೀಸ್ ಬೋರ್ ಸೈಜ್ ತಪ್ಪಿದೆ ಅಂತ ಜೂನ್‌ನಲ್ಲೇ ವಾಪಸ್ ಬಂದು ನಮ್ಮ ಶೆಡ್ಡಿನ ಮೂಲೆಯಲ್ಲಿ ಕ್ರೇಟ್‌ನಲ್ಲಿ ಬಿದ್ದಿದ್ವು, ಕ್ರೆಡಿಟ್ ನೋಟ್ ಮಾಡೋದು ಬಾಕಿ ಇತ್ತು. ಗುಮಾಸ್ತ ಅವತ್ತು ಸಂಜೆ ಪೀಸ್ ಎಣಿಸಿ ಕ್ರೆಡಿಟ್ ನೋಟ್ ಹಾಕಿದ, ಮರುದಿನ ಬೆಳಗ್ಗೆ ಚಾಕಣಕ್ಕೆ ಫೋನ್ ಮಾಡಿ ಮೊದಲು ಕೇಳಿದ್ದು, ಈ ಎರಡು ಬಿಲ್ ಬುಕ್ ಆಗಿವೆಯಾ ಅಂತ.